ದತ್ತಾಂಶ ನಿಘಂಟು ಮತ್ತು ಸಂಕೇತ ಸೂಚಿ: ಮಂಗನ ಕಾಯಿಲೆಯ ಕೈಬರಹದ ಕೇಸ್ ಶೀಟುಗಳು

ಆಸ್ಪತ್ರೆಯ ಕೈಬರಹದ ಕೇಸ್ ಶೀಟುಗಳನ್ನು ಸಂಶೋಧನೆಗಾಗಿ ಸ್ಪ್ರೆಡ್‌ಶೀಟಿಗೆ ಇಳಿಸುವಾಗ ಪ್ರತಿ ಕಾಲಮ್ಮಿನ ಹೆಸರು, ಅದರ ಅರ್ಥ, ಅಳತೆಯ ಮಾನ, ಅದರಲ್ಲಿ ಏನೇನು ಬರಬಹುದು, ಶೀಟಿನ ಯಾವ ಭಾಗದಿಂದ ತೆಗೆಯಬೇಕು ಎಂಬುದನ್ನೆಲ್ಲ ಬರೆದಿಡುವ ಪಟ್ಟಿಗೆ ದತ್ತಾಂಶ ನಿಘಂಟು ಎನ್ನುತ್ತಾರೆ. ಡೇಟಾ ಡಿಕ್ಷನರಿ ಎಂಬ ಹೆಸರೇ ಬಳಕೆಯಲ್ಲಿ ಹೆಚ್ಚು. ವೈದ್ಯರ ಮಾತನ್ನು ಅಂಕಿಯಾಗಿ ಬದಲಿಸುವ ನಿಯಮಗಳ ಪಟ್ಟಿ ಸಂಕೇತ ಸೂಚಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಈ ಕೆಲಸದ ಕಷ್ಟಗಳು ಮಂಗನ ಕಾಯಿಲೆಯ ದಾಖಲೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಆದ್ದರಿಂದ ಈ ಲೇಖನ ಅದಕ್ಕೇ ಸೀಮಿತ.

ಹಿನ್ನೆಲೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಆಗ ಪುಣೆಯಲ್ಲಿದ್ದ ವೈರಸ್ ಸಂಶೋಧನಾ ಕೇಂದ್ರವು ವೈರಸ್ಸನ್ನು ಗುರುತಿಸಿ, ಅದನ್ನು ಹರಡುವುದು ಉಣುಗು ಎಂದು ಕಂಡುಕೊಂಡಿತು. ಮುಖ್ಯ ಜಾತಿ ಹೀಮಾಫೈಸಾಲಿಸ್ ಸ್ಪಿನಿಜೆರಾ. ರೋಗಕ್ಕೆ ಉಳಿದದ್ದು ಕಾಡಿನ ಹೆಸರು. ಸೊರಬ, ಸಾಗರಗಳಿಗೆ ತಾಗಿಕೊಂಡಿರುವ ಸಿದ್ದಾಪುರದಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಂಡಿದೆ; 2024ರ ಬೇಸಿಗೆಯಲ್ಲಿ ಅಲ್ಲಿ ಸಾವುಗಳೂ ಆದವು.

ಕಾಯಿಲೆಯ ದಿನವನ್ನು ಎಣಿಸುವ ಬಗೆ

ಇಡೀ ನಿಘಂಟಿನಲ್ಲಿ ಅತಿ ಹೆಚ್ಚು ಎಚ್ಚರ ಬೇಡುವ ಕಾಲಮ್ಮು ಇದು. ಮೊದಲ ಕೆಲವು ದಿನ ರಕ್ತದಲ್ಲಿ ವೈರಸ್ ಇರುವುದರಿಂದ ಪಿಸಿಆರ್ ಪರೀಕ್ಷೆ ಅದನ್ನು ಹಿಡಿಯುತ್ತದೆ. ಸುಮಾರು ಎರಡನೇ ವಾರದ ಹೊತ್ತಿಗೆ ವೈರಸ್ ಕರಗುತ್ತ ಹೋಗಿ, ಐಜಿಎಂ ಪ್ರತಿಕಾಯವೇ ರೋಗದ ಸಾಕ್ಷಿಯಾಗಿ ಉಳಿಯುತ್ತದೆ. ಹಾಗಾಗಿ ರಕ್ತ ತೆಗೆದದ್ದು ಕಾಯಿಲೆಯ ಎಷ್ಟನೇ ದಿನ ಎಂದು ತಿಳಿಯದೆ ‘ಪಿಸಿಆರ್ ನೆಗೆಟಿವ್’ ಎಂಬ ಮಾತಿನಿಂದ ಏನನ್ನೂ ತೀರ್ಮಾನಿಸಲಾಗದು.

ಶೀಟಿನಲ್ಲಿ ಸಾಮಾನ್ಯವಾಗಿ ಇರುವುದು ‘ಜ್ವರ, ನಾಲ್ಕು ದಿನ’ ಎಂಬಷ್ಟೇ. ಜ್ವರ ಬಂದ ದಿನವನ್ನು ಒಂದನೇ ದಿನವೆಂದು ಎಣಿಸಬೇಕೋ, ಸೊನ್ನೆ ಎಂದೋ? ಯಾವುದಾದರೂ ಸರಿಯೆ, ಆದರೆ ಶೀಟು ಓದುವ ಎಲ್ಲರೂ ಒಂದೇ ರೀತಿ ಎಣಿಸಬೇಕು. ಒಂದು ಎಂದು ಇಟ್ಟುಕೊಂಡರೆ ಸೂತ್ರ ಹೀಗೆ:

```
onset_date  = admit_date - (fever_days - 1)
illness_day = sample_date - onset_date + 1
```

ಉದಾಹರಣೆಗೆ ಕಟ್ಟಿಕೊಂಡ ಒಂದು ಕೇಸು ನೋಡೋಣ. 2024ರ ಫೆಬ್ರುವರಿ 12ರಂದು ದಾಖಲು, ನಾಲ್ಕು ದಿನದ ಜ್ವರ. ಅಂದರೆ ಜ್ವರ ಶುರುವಾದದ್ದು 9ಕ್ಕೆ. 13ರಂದು ತೆಗೆದ ರಕ್ತ ಕಾಯಿಲೆಯ ಐದನೇ ದಿನದ್ದು, ಪಿಸಿಆರ್ ಪಾಸಿಟಿವ್. ಜ್ವರ ಇಳಿದು 19ಕ್ಕೆ ಮನೆಗೆ ಹೋದ ರೋಗಿ ಮಾರ್ಚ್ 1ರಂದು ಮತ್ತೆ ಬರುತ್ತಾರೆ. ಎರಡು ದಿನದ ಜ್ವರ, ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ. ಹೊಸ ಒಳರೋಗಿ ಸಂಖ್ಯೆ, ಹೊಸ ಶೀಟು. ಅದೇ ದಿನದ ರಕ್ತದಲ್ಲಿ ಪಿಸಿಆರ್ ನೆಗೆಟಿವ್, ಐಜಿಎಂ ಪಾಸಿಟಿವ್.

ಒಳರೋಗಿ ಸಂಖ್ಯೆಯನ್ನೇ ರೋಗಿಯ ಗುರುತಾಗಿ ಬಳಸಿದ್ದರೆ ಒಬ್ಬರು ಇಬ್ಬರಾಗುತ್ತಾರೆ. ಅಷ್ಟೇ ಅಲ್ಲ, ಎರಡನೆಯವರು ಕಾಯಿಲೆಯ ಎರಡನೇ ದಿನವೇ ಪಿಸಿಆರ್ ನೆಗೆಟಿವ್ ಆದವರಂತೆ ತೋರಿ ಪರೀಕ್ಷೆಯೇ ಕೆಟ್ಟಿತೆಂಬ ಅನುಮಾನ ಹುಟ್ಟುತ್ತದೆ. ನಿಜದಲ್ಲಿ ಅದು 22ನೇ ದಿನ. ಈ ರೋಗದಲ್ಲಿ ಕೆಲವರಿಗೆ ಒಂದೆರಡು ವಾರ ಜ್ವರವಿಲ್ಲದೆ ಕಳೆದು, ನರಮಂಡಲದ ಲಕ್ಷಣಗಳೊಂದಿಗೆ ಎರಡನೇ ಹಂತ ಬರುತ್ತದೆ. ತಪ್ಪು ಆಗಿದೆಯೆಂದು ಹಿಡಿದುಕೊಡುವುದು ಆ ಐಜಿಎಂ: ಎರಡನೇ ದಿನಕ್ಕೆ ಅದು ಮೂಡುವುದು ಅಸಂಭವ. `illness_day` ಮೂರಕ್ಕಿಂತ ಕಡಿಮೆ, ಐಜಿಎಂ ಪಾಸಿಟಿವ್ ಎಂಬ ಸಾಲುಗಳನ್ನು ಸೋಸಿ ತೆಗೆದು, ಆ ಶೀಟುಗಳನ್ನು ಮತ್ತೊಮ್ಮೆ ಓದುವುದು ಒಳ್ಳೆಯ ರೂಢಿ.

ಆದ್ದರಿಂದ ನಿಘಂಟಿನಲ್ಲಿ ಮೂರು ಗುರುತುಗಳು ಬೇಕು: ವ್ಯಕ್ತಿಗೆ `person_id`, ಕಾಯಿಲೆಗೆ `episode_id`, ದಾಖಲಾತಿಗೆ `admission_id`. ಮೇಲಿನ ರೋಗಿಗೆ ಮೊದಲೆರಡು ಒಂದೊಂದೇ, ಮೂರನೆಯದು ಎರಡು. ಸೂತ್ರದ `onset_date` ಅನ್ನು ಆ `episode_id`ಯ ಮೊದಲ ದಾಖಲಾತಿಯಿಂದಲೇ ತೆಗೆಯಬೇಕು. ಇನ್ನೊಂದು ಸಣ್ಣ ತೊಡಕು: ಶೀಟಿನ ಅಂಚಿನಲ್ಲಿ ವೈದ್ಯರು ಗೀಚುವ ‘ಡೇ 5’ ಕೆಲವರ ಕೈಯಲ್ಲಿ ಕಾಯಿಲೆಯ ದಿನ, ಕೆಲವರ ಕೈಯಲ್ಲಿ ಆಸ್ಪತ್ರೆ ಸೇರಿದ ದಿನ. ಅದನ್ನು ಎಂದೂ ನೇರವಾಗಿ ತುಂಬಬಾರದು. ತಾರೀಖುಗಳಿಂದ ಲೆಕ್ಕ ಹಾಕಬೇಕು.

‘ಕಾಡಿಗೆ ಹೋಗಿಲ್ಲ’

‘ಕಾಡಿಗೆ ಹೋಗಿದ್ರಾ?’ ಎಂದು ಕೇಳಿದರೆ ಈ ಸೀಮೆಯ ತೋಟಿಗರು ‘ಇಲ್ಲ’ ಎನ್ನುವುದೇ ಹೆಚ್ಚು. ಅವರು ಸುಳ್ಳು ಹೇಳುತ್ತಿಲ್ಲ. ಹೋದದ್ದು ಬೆಟ್ಟಕ್ಕೆ. ಉತ್ತರ ಕನ್ನಡದ ಘಟ್ಟದ ಮೇಲೆ ಬೆಟ್ಟವೆಂದರೆ ಗುಡ್ಡವಲ್ಲ. ಅಡಕೆ ತೋಟಕ್ಕೆ ಸೊಪ್ಪು, ತರಗು ತರಲು ಎಕರೆಗೆ ಒಂಬತ್ತು ಎಕರೆಯವರೆಗೆ ಹಕ್ಕಿನಿಂದ ಬಂದ ಕಾಡಿನ ಭೂಮಿ, ಸೊಪ್ಪಿನಬೆಟ್ಟ. ಅವರ ಲೆಕ್ಕದಲ್ಲಿ ಅದು ಮನೆಯ ಆಸ್ತಿಯ ಹಾಗೆ, ಉಣುಗಿನ ಲೆಕ್ಕದಲ್ಲಿ ಕಾಡೇ.

ಹೀಗಿರುವಾಗ `forest_visit` ಎಂಬ ಒಂದೇ ಹೌದು–ಇಲ್ಲ ಕಾಲಮ್ಮು ತಪ್ಪು ಉತ್ತರವನ್ನು ಅಚ್ಚುಕಟ್ಟಾಗಿ ಜೋಡಿಸಿಡುತ್ತದೆ ಅಷ್ಟೆ. ಕಾಡು, ಬೆಟ್ಟ, ತೋಟಗಳಿಗೆ ಬೇರೆ ಬೇರೆ ಕಾಲಮ್ಮು ಇಡಬೇಕು, ಏಕೆಂದರೆ ಒಬ್ಬರೇ ಮೂರಕ್ಕೂ ಹೋಗಿರಬಹುದು. ನಾಲ್ಕನೆಯದೂ ಒಂದು ಬೇಕು, `leaf_home`: ಮನೆಗೆ, ಕೊಟ್ಟಿಗೆಗೆ ತರಗು ತಂದದ್ದುಂಟೇ? ಉಣುಗಿನ ಮರಿಗಳು ಆ ಹೊರೆಯೊಂದಿಗೇ ಅಂಗಳಕ್ಕೆ ಬರುವುದರಿಂದ, ಹೊಸ್ತಿಲು ದಾಟದ ಅಜ್ಜಿಗೂ ಕಾಯಿಲೆ ಬರಬಹುದು. ಶೀಟಿನಲ್ಲಿದ್ದ ಮಾತನ್ನು `expo_verbatim`ನಲ್ಲಿ ಯಥಾವತ್ತಾಗಿ ನಕಲು ಮಾಡಿಟ್ಟರೆ, ನಾಳೆ ಸಂಕೇತ ಬದಲಾದಾಗ ಆಸ್ಪತ್ರೆಯ ದಾಖಲೆ ಕೋಣೆಯ ಧೂಳು ಮತ್ತೆ ಕುಡಿಯಬೇಕಾಗಿಲ್ಲ.

ಖಾಲಿ ಜಾಗದ ಅರ್ಥ

```
bleeding
0 = ಇಲ್ಲ ಎಂದು ಬರೆದಿದೆ
1 = ಇದೆ ಎಂದು ಬರೆದಿದೆ
8 = ಬರೆದಿದೆ, ಓದಲಾಗದು
9 = ಬರೆದೇ ಇಲ್ಲ
```

ಇಲ್ಲಿ 9ನ್ನು 0 ಮಾಡುವ ಆಸೆ ದೊಡ್ಡದು. ‘ಇದ್ದಿದ್ದರೆ ಬರೆಯುತ್ತಿದ್ದರು’ ಎಂಬುದು ವಾದ. ಆದರೆ ಮಂಗನ ಕಾಯಿಲೆ ಎಂದು ಸಂಶಯ ಬಂದವರನ್ನೇ ವೈದ್ಯರು ರಕ್ತಸ್ರಾವದ ಬಗ್ಗೆ ಕೆದಕಿ ಕೇಳುತ್ತಾರೆ. ಉಳಿದ ಜ್ವರದವರ ಶೀಟಿನಲ್ಲಿ ಆ ಜಾಗ ಖಾಲಿ. ಖಾಲಿಯನ್ನು ಸೊನ್ನೆ ಮಾಡಿದರೆ, ಈ ರೋಗಕ್ಕೂ ರಕ್ತಸ್ರಾವಕ್ಕೂ ಇರುವ ನಂಟು ಇದ್ದದ್ದಕ್ಕಿಂತ ಬಲವಾಗಿ ಕಾಣುತ್ತದೆ.

ಸಂಖ್ಯೆಯ ಕಾಲಮ್ಮುಗಳಲ್ಲಿ ಈ ಸಂಕೇತ ಸಲ್ಲದು. 9 ಆಗಲಿ −99 ಆಗಲಿ ಸರಾಸರಿಯೊಳಗೆ ನುಸುಳುತ್ತದೆ. ಪ್ಲೇಟ್‌ಲೆಟ್ ಸಿಗದಿದ್ದರೆ ಕೋಶ ಖಾಲಿ ಬಿಟ್ಟು, ಕಾರಣವನ್ನು ಪಕ್ಕದ ಕಾಲಮ್ಮಿನಲ್ಲಿ ಬರೆಯುವುದು ಮೇಲು. ಒಬ್ಬರು ‘1.2 ಲಕ್ಷ’ ಎಂದೂ ಇನ್ನೊಬ್ಬರು 1,20,000 ಎಂದೂ ಬರೆದಿರುತ್ತಾರೆ. ಒಂದೇ ಮಾನ ನಿಗದಿಯಾಗಿರಬೇಕು. ‘ಅಡಿಕ್ವೇಟ್’ ಎಂದಷ್ಟೇ ಬರೆದಿದ್ದರೆ ಅದು ಸಂಖ್ಯೆಯಲ್ಲ, ಊಹಿಸಿ ತುಂಬುವಂತಿಲ್ಲ.

ವಯಸ್ಸು, ಊರು

ನಾಲ್ಕು ತಿಂಗಳ ಮಗುವಿನ ವಯಸ್ಸನ್ನು ವೈದ್ಯರು 4/12 ಎಂದು ಬರೆಯುತ್ತಾರೆ. ಎಕ್ಸೆಲ್‌ನಲ್ಲಿ ಅದನ್ನು ಹಾಗೇ ಟೈಪು ಮಾಡಿದರೆ ಡಿಸೆಂಬರ್ 4 ಆಗುತ್ತದೆ, ಅಮೆರಿಕದ ಸೆಟ್ಟಿಂಗ್ ಇದ್ದರೆ ಏಪ್ರಿಲ್ 12. ಇದೇ ಕಾಟ ತಾಳಲಾರದೆ ಮಾನವ ವಂಶವಾಹಿಗಳ ನಾಮಕರಣ ಸಮಿತಿ 2020ರಲ್ಲಿ `MARCH1`, `SEPT1` ಮುಂತಾದ ಹೆಸರುಗಳನ್ನೇ ಬದಲಿಸಿದ್ದನ್ನು ಪ್ರಕಟಿಸಿತು. ನಮ್ಮ ಶೀಟಿಗೆ ಅಷ್ಟು ದೂರ ಹೋಗಬೇಕಿಲ್ಲ. `age_value`, `age_unit` ಎಂಬ ಎರಡು ಕಾಲಮ್ಮು ಸಾಕು.

ಊರಿನ ಹೆಸರನ್ನು ಹೆಸರಾಗಿಯೇ ಬಿಟ್ಟರೆ ಸಿದ್ದಾಪುರ ತಾಲ್ಲೂಕಿನ ಬಿಳಗಿ ಬಾಗಲಕೋಟೆ ಜಿಲ್ಲೆಯ ಬೀಳಗಿಯಾಗುತ್ತದೆ. ಸಿದ್ದಾಪುರವೂ ಒಂದೇ ಅಲ್ಲ. ಕುಂದಾಪುರದ ಕಡೆಗೊಂದು, ಕೊಡಗಿನಲ್ಲೊಂದು ಇದೆ. ಜನಗಣತಿಯ ಗ್ರಾಮ ಸಂಕೇತವನ್ನು ಬಳಸಿದರೆ ಈ ಗೊಂದಲವಿಲ್ಲ. ಆದರೆ ಗ್ರಾಮ, ವಯಸ್ಸು, ದಾಖಲಾದ ದಿನ ಮೂರೂ ಕೂಡಿದರೆ ಸಣ್ಣ ಮಜರೆಯೊಂದರ ರೋಗಿಯನ್ನು ಯಾರು ಬೇಕಾದರೂ ಗುರುತಿಸಬಲ್ಲರು. ಆದ್ದರಿಂದ ಹೆಸರಿಗೂ `person_id`ಗೂ ಕೊಂಡಿಯಾದ ಪಟ್ಟಿ ಬೇರೆ ಕಡತದಲ್ಲಿ, ಬೇರೆಯವರ ವಶದಲ್ಲಿರಬೇಕು. ಹಂಚುವ ಪ್ರತಿಯಲ್ಲಿ ಗ್ರಾಮದ ಬದಲು ತಾಲ್ಲೂಕನ್ನಷ್ಟೇ ಉಳಿಸುತ್ತಾರೆ.