ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಮನೆ ಹುಡುಕುವುದು ಹೇಗೆ?

ಸಾಮಾನು ತಲುಪಿಸಲೋ, ಮಗಳ ಮನೆಗೋ ಅಂತ ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ಗೆ ಹೋದವರು ದಾರಿ ತಪ್ಪುವುದು ಹೆಚ್ಚಾಗಿ ಗೇಟಿನ ಒಳಗೆ. ಮೊಬೈಲ್ ಮ್ಯಾಪ್ ಗೇಟಿನ ತನಕ ತಂದು ಬಿಡುತ್ತೆ. ಆಮೇಲೆ ಮನೆ ನಂಬರೇ ಗತಿ.

ವಿಳಾಸ ‘ಟವರ್ 3, ಬಿ–1104’ ಎಂದಿದೆ ಅಂದುಕೊಳ್ಳಿ. ಸಾಮಾನ್ಯವಾಗಿ ಇದನ್ನು ಹಿಂದಿನಿಂದ ಓದಬೇಕು. ಕೊನೆಯ 04 ಆ ಮಹಡಿಯ ನಾಲ್ಕನೇ ಮನೆ, ಅದಕ್ಕೂ ಮುಂಚಿನ 11 ಮಹಡಿ, ‘ಬಿ’ ಅಂದ್ರೆ ಆ ಟವರಿನ ಒಂದು ವಿಂಗ್. 1104 ಪಕ್ಕದ ಟವರಿನಲ್ಲೂ ಇರುತ್ತೆ, ‘ಎ’ ವಿಂಗ್‌ನಲ್ಲೂ ಇರುತ್ತೆ. ಬರೀ ನಂಬರ್ ಕೇಳಿಕೊಂಡು ಹೋದರೆ ಬೇರೆಯವರ ಬೆಲ್ ಒತ್ತಿದ ಹಾಗೆಯೇ. ಹಲವು ಕಡೆ ವಿಂಗ್‌ಗೊಂದು ಲಿಫ್ಟ್. ತಪ್ಪು ಲಿಫ್ಟ್ ಹತ್ತಿದರೆ ಅಕ್ಕಿ ಮೂಟೆ ಸಮೇತ ಮತ್ತೆ ಕೆಳಗಿಳಿಯಬೇಕು, ಹಾಗಾಗಿ ಲಿಫ್ಟ್ ಪಕ್ಕದ ಬೋರ್ಡ್ ನೋಡಿಯೇ ಹತ್ತಿ. ಕೆಲವು ಕಟ್ಟಡಗಳಲ್ಲಿ 13ನೇ ಮಹಡಿ ಇರುವುದೇ ಇಲ್ಲ, 12 ಆದ ಮೇಲೆ 14. ಹೊರಗೆ ನಿಂತು ಮಹಡಿ ಎಣಿಸಿದರೆ ಲೆಕ್ಕ ತಪ್ಪುತ್ತೆ.

ಒಳಗಿರುವವರು 108ಕ್ಕೆ ಕರೆ ಮಾಡುವಾಗ ಟವರ್, ವಿಂಗ್, ಯಾವ ಗೇಟ್ ಎಂಬುದನ್ನೂ ಹೇಳಬೇಕು. ಆಂಬುಲೆನ್ಸ್ ಬರುವಷ್ಟರಲ್ಲಿ ಒಬ್ಬರು ಗೇಟಿನಲ್ಲಿ ನಿಂತಿರಲಿ, ಇನ್ನೊಬ್ಬರು ಲಿಫ್ಟನ್ನು ಕೆಳಗೆ ಹಿಡಿದಿರಲಿ.