ಸಂಸತ್ ಭಾಷಣಗಳ ವಿಷಯ ವಿಶ್ಲೇಷಣೆ

ಸಂಸತ್ ಭಾಷಣಗಳ ವಿಷಯ ವಿಶ್ಲೇಷಣೆ ಎಂದರೆ ಸದನದಲ್ಲಿ ಆಡಿದ ಮಾತುಗಳನ್ನು ಮೊದಲೇ ಬರೆದಿಟ್ಟ ನಿಯಮಗಳ ಪ್ರಕಾರ ವರ್ಗಗಳಾಗಿ ವಿಂಗಡಿಸಿ, ಎಣಿಸಿ, ಹೋಲಿಸುವ ಸಂಶೋಧನಾ ವಿಧಾನ. ಈ ನಿಯಮಗಳ ಕೈಪಿಡಿಗೆ ಕೋಡ್‌ಬುಕ್ ಎಂದೂ ವಿಂಗಡಿಸುವವರಿಗೆ ಕೋಡರ್ ಎಂದೂ ಹೆಸರು. ಒಂದೇ ಪಠ್ಯವನ್ನು ಇಬ್ಬರು ಕೋಡರ್‌ಗಳು ಬೇರೆ ಬೇರೆಯಾಗಿ ಓದಿದಾಗ ಅವರ ತೀರ್ಮಾನಗಳು ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬ ಪರೀಕ್ಷೆಯೇ ಈ ವಿಧಾನದ ತಳಪಾಯ. ಆ ಹೊಂದಾಣಿಕೆ ಇಲ್ಲದಿದ್ದರೆ ಕೊನೆಯಲ್ಲಿ ಬರುವ ಎಣಿಕೆ ಒಬ್ಬ ಓದುಗನ ಅಭಿಪ್ರಾಯವಾಗಿಯೇ ಉಳಿಯುತ್ತದೆ.

ಉದಾಹರಣೆ: 371ಜೆ ವಿಧಿಯ ಚರ್ಚೆ

ಬಳ್ಳಾರಿ ಸೀಮೆಯ ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಈ ವಿಧಾನಕ್ಕೆ ಹೇಳಿ ಮಾಡಿಸಿದ ಸಾಮಗ್ರಿ ಸಂವಿಧಾನದ 371ಜೆ ವಿಧಿಯ ಚರ್ಚೆ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಇದನ್ನು ಅಂಗೀಕರಿಸಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಈ ಆರು ಜಿಲ್ಲೆಗಳಿಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅನುದಾನದ ನ್ಯಾಯಯುತ ಹಂಚಿಕೆ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಇವಕ್ಕೆ ಈ ವಿಧಿ ದಾರಿ ಮಾಡಿಕೊಟ್ಟಿತು. ಸಂಡೂರು ತಾಲ್ಲೂಕಿನ ಬಂಡ್ರಿಯಂಥ ಊರಿನ ವಿದ್ಯಾರ್ಥಿ ಇವತ್ತು ಕಾಲೇಜು ಸೀಟಿಗೋ ಸರ್ಕಾರಿ ಕೆಲಸಕ್ಕೋ ಅರ್ಜಿ ಹಾಕುವಾಗ ಕೊಡುವ 371ಜೆ ಪ್ರಮಾಣಪತ್ರದ ಮೂಲ ಇದೇ ತಿದ್ದುಪಡಿ.

ಇಲ್ಲಿ ಕೇಳಬಹುದಾದ ಸಂಶೋಧನಾ ಪ್ರಶ್ನೆ ಸರಳ: ವಿಶೇಷ ಸ್ಥಾನಮಾನಕ್ಕೆ ಸದಸ್ಯರು ಕೊಟ್ಟ ಕಾರಣಗಳು ಯಾವುವು? ಅಂಕಿ-ಅಂಶದ ಹಿಂದುಳಿದಿರುವಿಕೆಯೋ, ಚರಿತ್ರೆಯೋ, ಬೇರೆ ರಾಜ್ಯಕ್ಕೆ ಕೊಟ್ಟದ್ದನ್ನು ನಮಗೂ ಕೊಡಿ ಎಂಬ ವಾದವೋ?

ಪಠ್ಯ ಸಂಗ್ರಹ

ಉಭಯ ಸದನಗಳ ನಡಾವಳಿಗಳು sansad.in ತಾಣದಲ್ಲಿ ಸಿಗುತ್ತವೆ. ಹುಡುಕುವಾಗ ಮೊದಲ ತೊಡಕು ಸಂಖ್ಯೆಯದು. 371ಜೆ ತಂದದ್ದು ಕಾಯ್ದೆಯಾಗಿ 98ನೇ ತಿದ್ದುಪಡಿ, ಮಸೂದೆಯಾಗಿ ಸದನಕ್ಕೆ ಬಂದಾಗ 118ನೇ ತಿದ್ದುಪಡಿ ಮಸೂದೆ. 98 ಎಂದು ಹುಡುಕಿದವರಿಗೆ ಚರ್ಚೆಯೇ ಕಾಣಿಸುವುದಿಲ್ಲ.

ನಡಾವಳಿಯಲ್ಲಿ ಅಚ್ಚಾದದ್ದೆಲ್ಲ ಸದನದಲ್ಲಿ ಕೇಳಿಸಿದ ಮಾತಲ್ಲ. ಕೆಲವು ಸದಸ್ಯರು ಲಿಖಿತ ಭಾಷಣವನ್ನು ಸದನದ ಮೇಜಿನ ಮೇಲೆ ಇಡುತ್ತಾರೆ. ಕನ್ನಡದಲ್ಲಿ ಮಾಡಿದ ಭಾಷಣ ಇಂಗ್ಲಿಷ್ ಅನುವಾದದಲ್ಲಿ ಅಚ್ಚಾಗುತ್ತದೆ, ಅಡಿಟಿಪ್ಪಣಿಯಲ್ಲಿ ಆ ಸೂಚನೆ ಇರುತ್ತದೆ. ಸಭಾಧ್ಯಕ್ಷರು ಕಡತದಿಂದ ತೆಗೆದುಹಾಕಿಸಿದ ಮಾತಿನ ಜಾಗದಲ್ಲಿ ನಕ್ಷತ್ರ ಚಿಹ್ನೆ ಉಳಿಯುತ್ತದೆ. ಈ ಮೂರನ್ನೂ ಪ್ರತ್ಯೇಕ ಕಾಲಮ್‌ಗಳಲ್ಲಿ ಗುರುತಿಸಿಕೊಳ್ಳಬೇಕು. ಮೇಜಿನ ಮೇಲಿಟ್ಟ ಭಾಷಣಗಳನ್ನು ಎಣಿಕೆಗೆ ಸೇರಿಸಬೇಕೋ ಬೇಡವೋ ಎಂಬುದನ್ನು ಕೋಡಿಂಗ್ ಶುರುವಾಗುವ ಮೊದಲೇ ತೀರ್ಮಾನಿಸಬೇಕು. ಫಲಿತಾಂಶ ನೋಡಿದ ಮೇಲೆ ತೀರ್ಮಾನಿಸಿದರೆ ಬೇಕಾದ ಉತ್ತರಕ್ಕೆ ತಕ್ಕ ಪಠ್ಯವನ್ನು ಆರಿಸಿದಂತಾಗುತ್ತದೆ.

ಕೋಡ್‌ಬುಕ್ ರಚನೆ

ಮೊದಲು ಘಟಕ ಯಾವುದೆಂದು ಗೊತ್ತುಮಾಡಬೇಕು. ಇಡೀ ಭಾಷಣವೇ ಘಟಕವಾದರೆ ಬಹುತೇಕ ಎಲ್ಲರೂ ಎಲ್ಲ ಕಾರಣಗಳನ್ನೂ ಹೇಳಿದ್ದಾರೆ ಎಂದಾಗಿಬಿಡುತ್ತದೆ. ವಾಕ್ಯವನ್ನು ಘಟಕವಾಗಿಸಿಕೊಂಡರೆ ಯಾವ ಕಾರಣಕ್ಕೆ ಎಷ್ಟು ಒತ್ತು ಬಿತ್ತೆಂದು ತಿಳಿಯುತ್ತದೆ. ಆದರೆ ಒಂದು ವಾಕ್ಯದಲ್ಲಿ ಎರಡು ವಾದಗಳಿದ್ದರೆ ಏನು ಮಾಡಬೇಕೆಂಬ ನಿಯಮ ಬೇಕಾಗುತ್ತದೆ. ಪಕ್ಷಗಳ ಪ್ರಣಾಳಿಕೆಗಳನ್ನು ವಿಶ್ಲೇಷಿಸುವ ಅಂತರರಾಷ್ಟ್ರೀಯ ಯೋಜನೆಯೊಂದು ಅಂಥ ವಾಕ್ಯವನ್ನು ವಾದಕ್ಕೊಂದರಂತೆ ಉಪವಾಕ್ಯಗಳಾಗಿ ಒಡೆಯುತ್ತದೆ. ಚಿಕ್ಕ ಅಧ್ಯಯನದಲ್ಲಿ ಒಂದು ವಾಕ್ಯಕ್ಕೆ ಒಂದಕ್ಕಿಂತ ಹೆಚ್ಚು ಕೋಡ್ ಹಾಕಲು ಅವಕಾಶ ಕೊಟ್ಟು, ಪ್ರತಿ ಕೋಡನ್ನೂ ‘ಇದೆ’ ಅಥವಾ ‘ಇಲ್ಲ’ ಎಂದಷ್ಟೇ ಗುರುತಿಸುವುದು ಸುಲಭ.

ಪ್ರತಿ ಕೋಡ್‌ಗೆ ಹೆಸರು, ವ್ಯಾಖ್ಯೆ, ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ, ಒಂದು ಸ್ಪಷ್ಟ ಉದಾಹರಣೆ ಮತ್ತು ಒಂದು ಅನುಮಾನದ ಉದಾಹರಣೆ ಇರಬೇಕು. ‘ಚರಿತ್ರೆ’ ಎಂಬ ಕೋಡನ್ನೇ ನೋಡೋಣ. ನಿಜಾಮರ ಆಳ್ವಿಕೆ, 1948ರ ವಿಮೋಚನೆ, 1956ರ ಏಕೀಕರಣ ಇವನ್ನು ಬೇಡಿಕೆಗೆ ಕಾರಣವಾಗಿ ಹೇಳಿದ ವಾಕ್ಯಗಳು ಇದಕ್ಕೆ ಸೇರುತ್ತವೆ. ‘ಹೈದರಾಬಾದ್ ಕರ್ನಾಟಕ’ ಎಂಬ ಪ್ರದೇಶದ ಹೆಸರು ಬಂದ ಮಾತ್ರಕ್ಕೆ ಸೇರುವುದಿಲ್ಲ.

ಇಲ್ಲೊಂದು ಸ್ಥಳೀಯ ಸೂಕ್ಷ್ಮವೂ ಇದೆ. ಬಳ್ಳಾರಿ ನಿಜಾಮರ ಸಂಸ್ಥಾನದಲ್ಲಿ ಇರಲಿಲ್ಲ. ಅದು ಮದ್ರಾಸ್ ರಾಜ್ಯದಿಂದ 1953ರಲ್ಲಿ ಮೈಸೂರಿಗೆ ಸೇರಿತು. ಸಂಡೂರು ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು. ಆರೂ ಜಿಲ್ಲೆಗಳು ನಿಜಾಮರ ಕಾಲದಿಂದ ಹಿಂದುಳಿದಿವೆ ಎಂಬ ಅರ್ಥದ ವಾಕ್ಯ ಬಂದರೆ, ಈ ಭಾಗದ ಕೋಡರ್ ಅದು ತಪ್ಪೆಂದು ಬಿಟ್ಟುಬಿಡಬಹುದು, ಬೇರೆ ಕಡೆಯವರು ಸೇರಿಸಬಹುದು. ಅದಕ್ಕೇ ಕೋಡ್‌ಬುಕ್‌ನಲ್ಲಿ ಸ್ಪಷ್ಟವಾಗಿ ಬರೆಯಬೇಕು: ಹೇಳಿದ್ದನ್ನು ಕೋಡ್ ಮಾಡಿ, ಅದು ನಿಜವೇ ಎಂಬುದನ್ನಲ್ಲ. ಸತ್ಯಾಸತ್ಯತೆ ಬೇಕಿದ್ದರೆ ಅದಕ್ಕೆ ಬೇರೆಯೇ ಕೋಡ್ ಇರಲಿ.

‘ಪೂರ್ವನಿದರ್ಶನ’ ಎಂಬ ಇನ್ನೊಂದು ಕೋಡ್ ಆಂಧ್ರಪ್ರದೇಶಕ್ಕೆ ಕೊಟ್ಟ 371ಡಿ ವಿಧಿಯಂಥ ಹೋಲಿಕೆಗಳಿಗೆ. ‘ಹಿಂದುಳಿದಿರುವಿಕೆ’ ಎಂಬುದು ಸಾಕ್ಷರತೆ, ತಲಾ ಆದಾಯ, ಡಾ. ನಂಜುಂಡಪ್ಪ ಸಮಿತಿಯ ವರದಿ ಮುಂತಾದವುಗಳ ಆಧಾರದ ವಾದಕ್ಕೆ.

ಹೊಂದಾಣಿಕೆಯ ಲೆಕ್ಕ

ಇಬ್ಬರು ಕೋಡರ್‌ಗಳು ಒಬ್ಬರನ್ನೊಬ್ಬರು ಕೇಳದೆ ಅದೇ ವಾಕ್ಯಗಳನ್ನು ಕೋಡ್ ಮಾಡಬೇಕು. ವಿಧಾನವನ್ನು ವಿವರಿಸಲು ಒಂದು ಕಲ್ಪಿತ ಲೆಕ್ಕ ನೋಡೋಣ. 100 ವಾಕ್ಯಗಳಲ್ಲಿ ‘ಹಿಂದುಳಿದಿರುವಿಕೆ’ ಕೋಡ್ 12ರಲ್ಲಿ ಇದೆ, 76ರಲ್ಲಿ ಇಲ್ಲ ಎಂದು ಇಬ್ಬರೂ ಒಪ್ಪಿದರು. 4ರಲ್ಲಿ ಮೊದಲನೆಯವರು ಮಾತ್ರ, 8ರಲ್ಲಿ ಎರಡನೆಯವರು ಮಾತ್ರ ಇದೆ ಎಂದರು. ಶೇ. 88ರಷ್ಟು ಹೊಂದಿತು ಎಂದರೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಹೆಚ್ಚಿನ ವಾಕ್ಯಗಳಲ್ಲಿ ಈ ಕೋಡ್ ಇಲ್ಲವೇ ಇಲ್ಲ. ಹಾಗಾಗಿ ಇಬ್ಬರೂ ಓದದೆ ‘ಇಲ್ಲ’ ಎನ್ನುತ್ತ ಹೋಗಿದ್ದರೂ ಬಹಳಷ್ಟು ಹೊಂದುತ್ತಿತ್ತು. ಈ ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಉಳಿದದ್ದನ್ನು ಅಳೆಯುವ ಸೂಚ್ಯಂಕವನ್ನು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟರು. ಅದೇ ಕಪ್ಪಾ.

```
Po = 0.88
Pe = (0.16 × 0.20) + (0.84 × 0.80) = 0.704
κ  = (Po − Pe) / (1 − Pe) = 0.176 / 0.296 ≈ 0.59
```

ಮೊದಲನೆಯವರು 16 ವಾಕ್ಯಗಳಿಗೆ, ಎರಡನೆಯವರು 20 ವಾಕ್ಯಗಳಿಗೆ ‘ಇದೆ’ ಎಂದದ್ದರಿಂದ 0.16, 0.20 ಬಂದವು. ಕ್ಲಾಸ್ ಕ್ರಿಪೆನ್‌ಡಾರ್ಫ್ ತಮ್ಮ ಆಲ್ಫಾ ಸೂಚ್ಯಂಕಕ್ಕೆ 0.80 ಇರಬೇಕೆಂದೂ, 0.667ರಿಂದ ಮೇಲಿದ್ದರೆ ತಾತ್ಕಾಲಿಕ ನಿರ್ಣಯಗಳಿಗಷ್ಟೇ ಸಾಕೆಂದೂ ಹೇಳಿದ್ದಾರೆ. ಕಪ್ಪಾಕ್ಕೂ ಇದೇ ಗಡಿಯನ್ನು ಅನ್ವಯಿಸುವ ರೂಢಿಯಿದೆ. ಆ ಲೆಕ್ಕದಲ್ಲಿ 0.59 ಸಾಲದು. ಕೋಡರ್‌ಗಳು ಇಬ್ಬರಿಗಿಂತ ಹೆಚ್ಚಿದ್ದರೆ, ಕೆಲವು ವಾಕ್ಯಗಳು ಒಬ್ಬರಿಂದ ಬಿಟ್ಟುಹೋಗಿದ್ದರೆ ಕಪ್ಪಾಕ್ಕಿಂತ ಆಲ್ಫಾ ಅನುಕೂಲ.

ಸಂಖ್ಯೆಗಿಂತ ಭಿನ್ನಮತದ 12 ವಾಕ್ಯಗಳನ್ನು ಮುಂದಿಟ್ಟುಕೊಂಡು ನೋಡುವುದು ಮುಖ್ಯ. ಎರಡನೆಯವರು ಮಾತ್ರ ಗುರುತಿಸಿದ 8 ವಾಕ್ಯಗಳಲ್ಲಿ ಹೆಚ್ಚಿನವು ನೀರಾವರಿ ಇಲ್ಲ, ರೈಲು ಇಲ್ಲ ಎಂಬ ದೂರುಗಳು ಎಂದಿಟ್ಟುಕೊಳ್ಳೋಣ. ತಪ್ಪು ಕೋಡರ್‌ನದಲ್ಲ, ಸೌಲಭ್ಯದ ಕೊರತೆ ಹಿಂದುಳಿದಿರುವಿಕೆಯೋ ಅಲ್ಲವೋ ಎಂದು ವ್ಯಾಖ್ಯೆ ಹೇಳಿರಲಿಲ್ಲ. ಅಂಕಿ ಇಲ್ಲದಿದ್ದರೂ ಬೇರೆ ಭಾಗದೊಂದಿಗೆ ಹೋಲಿಕೆ ಇದ್ದರೆ ಮಾತ್ರ ಸೇರಿಸಿ ಎಂಬ ನಿಯಮ ಬರೆದು, ಮುಟ್ಟದ ಬೇರೆ 100 ವಾಕ್ಯಗಳಲ್ಲಿ ಮತ್ತೆ ಪರೀಕ್ಷಿಸಬೇಕು. ಚರ್ಚಿಸಿದ ಹಳೆಯ ವಾಕ್ಯಗಳಲ್ಲೇ ಪುನಃ ಲೆಕ್ಕ ಹಾಕಿದರೆ ಏರಿಕೆ ಬರಿಯ ನೆನಪಿನದು. ಹೊಸ ಸುತ್ತಿನಲ್ಲಿ 17 ‘ಇದೆ’, 78 ‘ಇಲ್ಲ’ ಹೊಂದಿ, 3 ಮತ್ತು 2 ವಾಕ್ಯಗಳಲ್ಲಿ ಮಾತ್ರ ಭಿನ್ನತೆ ಉಳಿದರೆ ಕಪ್ಪಾ ಸುಮಾರು 0.84 ಆಗುತ್ತದೆ.

ಮಿತಿಗಳು

ಹೊಂದಾಣಿಕೆ ಹೆಚ್ಚಿದ್ದರೆ ಕೋಡಿಂಗ್ ಸ್ಥಿರವಾಗಿದೆ ಎಂದರ್ಥ, ಸರಿಯಾಗಿದೆ ಎಂದಲ್ಲ. ಒಂದೇ ತರಗತಿಯ, ಒಂದೇ ಊರಿನ ಇಬ್ಬರು ಒಂದೇ ಬಗೆಯಲ್ಲಿ ತಪ್ಪು ಓದಬಹುದು. ಅನುವಾದವಾಗಿ ಅಚ್ಚಾದ ಕನ್ನಡ ಭಾಷಣದಲ್ಲಿ ಮೂಲದ ವ್ಯಂಗ್ಯ, ಗಾದೆ ಕರಗಿಹೋಗಿದ್ದರೆ ಇಬ್ಬರಿಗೂ ಅದು ಸಿಗುವುದಿಲ್ಲ. ಕಪ್ಪಾ ಮಾತ್ರ ಇಳಿಯುವುದಿಲ್ಲ. ಎರಡೋ ಮೂರೋ ವಾಕ್ಯಗಳಲ್ಲಿ ಮಾತ್ರ ಕಾಣುವ ಅಪರೂಪದ ಕೋಡ್‌ಗಳಲ್ಲಿ ಒಂದೇ ಭಿನ್ನಮತ ಸೂಚ್ಯಂಕವನ್ನು ಬಹಳ ಕೆಳಗೆ ತಳ್ಳುತ್ತದೆ. ವಾರಗಟ್ಟಲೆ ಕೋಡ್ ಮಾಡುತ್ತ ಹೋದಂತೆ ಕೋಡರ್‌ನ ಅಳತೆಯೇ ಜರುಗುವುದೂ ಉಂಟು. ಅದಕ್ಕಾಗಿ ನಡುವೆ ಮತ್ತು ಕೊನೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು. ಪ್ರಬಂಧದಲ್ಲಿ ಎಲ್ಲ ಕೋಡ್‌ಗಳಿಗೂ ಸೇರಿ ಒಂದು ಸರಾಸರಿ ಕೊಟ್ಟರೆ ದುರ್ಬಲ ಕೋಡ್‌ಗಳು ಅದರಲ್ಲಿ ಅಡಗುತ್ತವೆ. ಪ್ರತಿ ಕೋಡ್‌ನ ಸೂಚ್ಯಂಕ, ಪರೀಕ್ಷಿಸಿದ ವಾಕ್ಯಗಳ ಸಂಖ್ಯೆ, ಭಿನ್ನಮತ ಬಗೆಹರಿಸಿದ ಬಗೆ, ಕೋಡ್‌ಬುಕ್‌ನ ಅಂತಿಮ ಪ್ರತಿ ಇಷ್ಟನ್ನೂ ಅನುಬಂಧದಲ್ಲಿ ಕೊಟ್ಟಾಗ ಮಾತ್ರ ಮತ್ತೊಬ್ಬರು ಅದೇ ನಡಾವಳಿಯನ್ನು ತೆರೆದು ಎಣಿಕೆಯನ್ನು ಪರಿಶೀಲಿಸಬಹುದು.