ವಾಪಸಾತಿ ಏರಿಕೆಯ ಕಾರಣಶೋಧ (ಇಳಕಲ್ ಸೀರೆ)

ಆನ್‌ಲೈನ್ ಬಟ್ಟೆ ಅಂಗಡಿಯಲ್ಲಿ ಮಾರಿದ ಮಾಲು ದಿಢೀರನೆ ಹೆಚ್ಚು ವಾಪಸಾಗತೊಡಗಿದಾಗ ಮೂಲ ಹುಡುಕುವ ಕ್ರಮ. ಇಳಕಲ್ಲಿನ ಸೀರೆ ಇದಕ್ಕೆ ಒಳ್ಳೆಯ ನಿದರ್ಶನ. ಇದರಲ್ಲಿ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲು ಹತ್ತಿಯದು, ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಫೋಟೋದಲ್ಲಿ ಕೊನೆಯ ಎರಡರ ವ್ಯತ್ಯಾಸ ಗುರುತಿಸುವುದು ಕಷ್ಟ.

ಬಾಗಿಲಲ್ಲೇ ನಿರಾಕರಿಸಿದ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್‌ಗಳನ್ನು ಮೊದಲು ಬೇರೆ ಇಡಬೇಕು. ಅವನ್ನು ನಿರಾಕರಿಸಿದವರು ಸೀರೆಯನ್ನೇ ನೋಡಿಲ್ಲ. ಉಳಿದವನ್ನು ವಾಪಸಾದ ತಿಂಗಳಿಗಲ್ಲ, ಮಾರಿದ ತಿಂಗಳಿಗೆ ಲೆಕ್ಕ ಹಿಡಿಯಬೇಕು. ಇಲ್ಲದಿದ್ದರೆ ದೀಪಾವಳಿ ಮಾರಾಟದ ವಾಪಸಾತಿ ಮುಂದಿನ ಮಂದ ತಿಂಗಳ ತಲೆಗೆ ಬಂದು, ಇಲ್ಲದ ಏರಿಕೆ ಕಾಣುತ್ತದೆ.

ಹೀಗೆ ಲೆಕ್ಕ ಹಾಕಿದ ಮೇಲೂ ನೂರಕ್ಕೆ 8 ಇದ್ದದ್ದು 18 ಆಗಿದೆ ಎನ್ನೋಣ. ಗಿರಾಕಿ ಒತ್ತಿದ ಕಾರಣ ‘ಇಷ್ಟವಾಗಲಿಲ್ಲ’. ಅದರಿಂದ ಏನೂ ತಿಳಿಯದು. ಸೀರೆವಾರು ವಿಂಗಡಿಸಿದಾಗ ಏರಿಕೆಯೆಲ್ಲ ‘ಅಪ್ಪಟ ರೇಷ್ಮೆ’ ಎಂದು ಬರೆದ ಒಂದೇ ಲಾಟಿನದು. ವಾಪಸು ಬಂದ ಸೀರೆಯ ಒಡಲಿನಿಂದ ಎಳೆ ತೆಗೆದು ಸುಟ್ಟರೆ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡಬೇಕು. ಇಲ್ಲಿ ಬಂದದ್ದು ಕಾಗದ ಸುಟ್ಟ ವಾಸನೆ, ಅಂದರೆ ಒಡಲು ರೇಷ್ಮೆಯದಲ್ಲ. ವಿವರ ತಿದ್ದಿದ ನಂತರದ ಮಾರಾಟದಲ್ಲಿ ಪ್ರಮಾಣ ಇಳಿದರೆ ಕಾರಣ ಅದೇ. ಇಳಿಯದಿದ್ದರೆ ಫೋಟೋದ ಬಣ್ಣವನ್ನು ಹಗಲ ಬೆಳಕಿನಲ್ಲಿ ಸೀರೆಯ ಪಕ್ಕ ಹಿಡಿದು ನೋಡಬೇಕು.